ಪ್ಯಾನ್‌ನಲ್ಲಿ ಒಂದು ಹೆಸರು, ಬ್ಯಾಂಕಿನಲ್ಲಿ ಇನ್ನೊಂದು: ಸರಿಮಾಡುವುದು ಹೇಗೆ?

ರಿಟರ್ನ್ ಸಲ್ಲಿಸಿ ಆಗಿದೆ, ರೀಫಂಡ್ ಬರಬೇಕು ಅಂತಲೂ ಗೊತ್ತಾಗಿದೆ. ಆದರೆ ದುಡ್ಡು ಮಾತ್ರ ಖಾತೆಗೆ ಬಿದ್ದಿಲ್ಲ. ಪೋರ್ಟಲ್ ಒಳಗೆ ಹೋಗಿ ನೋಡಿದರೆ ಬ್ಯಾಂಕ್ ಖಾತೆಯ ವ್ಯಾಲಿಡೇಶನ್ ಫೇಲ್ ಆಗಿರುತ್ತದೆ. ಕಾರಣ, ಪ್ಯಾನ್‌ನಲ್ಲಿರುವ ಹೆಸರಿಗೂ ಬ್ಯಾಂಕಿನಲ್ಲಿರುವ ಹೆಸರಿಗೂ ತಾಳೆಯಾಗಿಲ್ಲ. ಆದಾಯ ತೆರಿಗೆ ಇಲಾಖೆ ರೀಫಂಡ್ ಹಾಕುವುದು ವ್ಯಾಲಿಡೇಟ್ ಆದ ಖಾತೆಗೆ ಮಾತ್ರ. ಹಾಗಾಗಿ ಎಷ್ಟು ದಿನ ಕಾದರೂ ಇದು ತಾನಾಗಿ ಸರಿಹೋಗುವುದಿಲ್ಲ.

ನಮ್ಮ ಕಡೆ ಈ ತೊಂದರೆ ಜಾಸ್ತಿ. ಅದಕ್ಕೆ ಕಾರಣ ಇನಿಷಿಯಲ್. ಶಾಲೆಯ ಅಂಕಪಟ್ಟಿಯಲ್ಲಿ ಊರಿನ ಹೆಸರು, ಅಪ್ಪನ ಹೆಸರು ಎರಡೂ ಒಂದೊಂದು ಅಕ್ಷರಕ್ಕೆ ಇಳಿದಿರುತ್ತವೆ. ಬ್ಯಾಂಕ್ ಖಾತೆ ತೆರೆದಾಗಲೂ ಅದನ್ನೇ ಬರೆಸಿರುತ್ತೇವೆ. ಪ್ಯಾನ್ ಅರ್ಜಿಯಲ್ಲಿ ಹಾಗೆ ನಡೆಯುವುದಿಲ್ಲ. ಮೊದಲ ಹೆಸರು, ಕೊನೆಯ ಹೆಸರು ಎರಡನ್ನೂ ಬಿಡಿಸಿ ಬರೆಯಬೇಕು. ಅಲ್ಲಿಗೆ ಒಬ್ಬರೇ ಮನುಷ್ಯರಿಗೆ ಎರಡು ಹೆಸರು ಹುಟ್ಟಿಕೊಂಡಂತಾಯಿತು.

ಮೊದಲು ಮೂರೂ ಹೆಸರು ಬರೆದುಕೊಳ್ಳಿ

ಕೈಯಲ್ಲಿರುವ ಪ್ಯಾನ್ ಕಾರ್ಡ್ ನೋಡಿ ತೀರ್ಮಾನಕ್ಕೆ ಬರಬೇಡಿ. ಅರ್ಜಿಯಲ್ಲಿ ಪೂರ್ತಿ ಹೆಸರಿಗೆ ಒಂದು ಜಾಗ, ಕಾರ್ಡಿನ ಮೇಲೆ ಅಚ್ಚಾಗಬೇಕಾದ ಹೆಸರಿಗೆ ಬೇರೆ ಜಾಗ ಇರುತ್ತದೆ. ಕಾರ್ಡಿನಲ್ಲಿ ಇನಿಷಿಯಲ್ ಇದ್ದರೂ ಇಲಾಖೆಯ ದಾಖಲೆಯಲ್ಲಿ ಹೆಸರು ಪೂರ್ತಿ ಬಿಡಿಸಿಕೊಂಡಿರಬಹುದು. www.incometax.gov.in ಗೆ ಲಾಗಿನ್ ಆಗಿ My Profile ತೆರೆದರೆ ಅಸಲಿ ಹೆಸರು ಕಾಣುತ್ತದೆ. ಪೋರ್ಟಲ್‌ನಲ್ಲಿರುವ ಪ್ಯಾನ್ ಪರಿಶೀಲನೆ ಸೇವೆಯಿಂದಲೂ ತಿಳಿಯಬಹುದು. ಅಲ್ಲಿ ಪ್ಯಾನ್ ಸಂಖ್ಯೆ, ಪೂರ್ತಿ ಹೆಸರು, ಹುಟ್ಟಿದ ದಿನ, ಮೊಬೈಲ್ ನಂಬರ್ ಕೊಟ್ಟರೆ ಒಟಿಪಿ ಬರುತ್ತದೆ. ನೀವು ಕೊಟ್ಟ ವಿವರ ದಾಖಲೆಗೆ ಹೊಂದುತ್ತದೋ ಇಲ್ಲವೋ ಅನ್ನುವುದು ಅದರಿಂದ ಗೊತ್ತಾಗುತ್ತದೆ.

ಅದರ ಕೆಳಗೆ ಆಧಾರ್‌ನಲ್ಲಿರುವ ಹೆಸರು ಬರೆಯಿರಿ. ಅದರ ಕೆಳಗೆ ಪಾಸ್‌ಬುಕ್‌ನ ಮೊದಲ ಪುಟದಲ್ಲಿರುವ ಹೆಸರು. ಮೂರನ್ನೂ ಇಂಗ್ಲಿಷ್ ಅಕ್ಷರದಲ್ಲೇ, ಸ್ಪೇಸ್ ಸಮೇತ ಬರೆದುಕೊಳ್ಳಿ. ಕನ್ನಡದಲ್ಲಿ ಓದಿದರೆ ಎಲ್ಲವೂ ಒಂದೇ ಅನ್ನಿಸುತ್ತದೆ. Laxmi, Lakshmi ಎರಡನ್ನೂ ನಾವು ಲಕ್ಷ್ಮಿ ಅಂತಲೇ ಓದುತ್ತೇವೆ, ಕಂಪ್ಯೂಟರ್ ಹಾಗೆ ಓದುವುದಿಲ್ಲ.

ತಿದ್ದಬೇಕಾದದ್ದು ಯಾವುದು?

ಎಲ್ಲರೂ ಎಡವುವುದು ಇಲ್ಲೇ. ದೂರು ಬಂದದ್ದು ಬ್ಯಾಂಕ್ ಖಾತೆಯ ಮೇಲೆ ಅಂತ ನೇರ ಬ್ಯಾಂಕಿಗೆ ಓಡುತ್ತಾರೆ, ಇಲ್ಲವೇ ಸೈಬರ್ ಸೆಂಟರ್‌ನಲ್ಲಿ ಕೂತು ಪ್ಯಾನ್ ತಿದ್ದಿಸುತ್ತಾರೆ. ಮೂರರಲ್ಲಿ ಎರಡು ಹೊಂದುತ್ತಿದ್ದರೆ ಒಂಟಿಯಾಗಿರುವ ಮೂರನೆಯದನ್ನು ತಿದ್ದಿ. ಇದೇ ನನ್ನ ಲೆಕ್ಕ.

ಒಂದು ಉದಾಹರಣೆ ನೋಡೋಣ. ಮಂಜುನಾಥ ಅನ್ನುವವರ ದಾಖಲೆಗಳು ಹೀಗಿವೆ ಅಂದುಕೊಳ್ಳಿ:

ಪ್ಯಾನ್: MANJUNATHA SIDDAPPA
ಆಧಾರ್: Manjunatha Siddappa
ಬ್ಯಾಂಕ್: MANJUNATH H S

ಬ್ಯಾಂಕಿನಲ್ಲಿ ಮೂರು ವ್ಯತ್ಯಾಸ ಇದೆ. ಕೊನೆಯ a ಇಲ್ಲ, ಸಿದ್ದಪ್ಪ S ಆಗಿದೆ. ಜೊತೆಗೆ ಊರಿನ H ಬೇರೆ ಬಂದು ಕೂತಿದೆ. ಪ್ಯಾನ್ ಮತ್ತು ಆಧಾರ್ ಒಂದೇ ಇರುವುದರಿಂದ ಇವರು ಬ್ಯಾಂಕಿಗೆ ಹೋದರೆ ಸಾಕು, ಪ್ಯಾನ್ ಮುಟ್ಟಬೇಕಾಗಿಲ್ಲ.

ಆಧಾರ್ ಮತ್ತು ಬ್ಯಾಂಕ್ ಹೊಂದಿ, ಪ್ಯಾನ್ ಒಂದೇ ಬೇರೆ ಇದ್ದರೆ ಪ್ಯಾನ್ ತಿದ್ದಿಸಿ. ಆಗ ಬ್ಯಾಂಕಿನ ಹೆಸರು ಬದಲಿಸಿದರೆ ರೀಫಂಡ್ ಬರಬಹುದು, ಆದರೆ ಮುಂದಿನ ಸಲ ಆಧಾರ್ ಇಟ್ಟು ಕೆವೈಸಿ ಮಾಡಿಸುವಾಗ ಅದೇ ಗೋಳು ಮತ್ತೆ ಶುರುವಾಗುತ್ತದೆ. ಮೂರೂ ಬೇರೆ ಬೇರೆ ಇದ್ದರೆ ಆಧಾರ್‌ನಿಂದಲೇ ಶುರುಮಾಡಿ. ಆದರೆ ಆಧಾರ್‌ನಲ್ಲಿ ಹೆಸರು ತಿದ್ದಿಸಲು ಜೀವನದಲ್ಲಿ ಎರಡು ಸಲ ಮಾತ್ರ ಅವಕಾಶ. ಇನಿಷಿಯಲ್ ಬಿಡಿಸುವುದು, ಸ್ಪೆಲಿಂಗ್ ಸರಿಮಾಡುವುದು ಎಲ್ಲವನ್ನೂ ಒಂದೇ ಸಲಕ್ಕೆ ಮುಗಿಸಿಕೊಳ್ಳಿ.

ಬ್ಯಾಂಕಿನಲ್ಲಿ

ಖಾತೆ ಇರುವ ಶಾಖೆಗೇ ಹೋಗುವುದು ಒಳ್ಳೆಯದು. ಹೆಸರು ಬದಲಾವಣೆಯ ಅರ್ಜಿ ಅಥವಾ ಕೆವೈಸಿ ಫಾರ್ಮ್ ಕೇಳಿ. ಪ್ಯಾನ್, ಆಧಾರ್ ಎರಡರ ಜೆರಾಕ್ಸ್‌ಗೂ ಸಹಿ ಹಾಕಿ ಕೊಡಿ, ಒರಿಜಿನಲ್ ಜೊತೆಗಿರಲಿ. ಮದುವೆಯ ನಂತರ ಹೆಸರು ಬದಲಾಗಿದ್ದರೆ ಮದುವೆ ಪ್ರಮಾಣಪತ್ರವೂ ಬೇಕಾಗುತ್ತದೆ.

ಕೌಂಟರಿನಲ್ಲಿ ಒಂದು ಮಾತು ಬಿಡಿಸಿ ಹೇಳಿ: "ಕಸ್ಟಮರ್ ಐಡಿಯಲ್ಲೇ ಹೆಸರು ಬದಲಾಗ್ಬೇಕು ಮೇಡಂ, ಅದಕ್ಕೆ ಪ್ಯಾನ್ ಲಿಂಕ್ ಆಗಿದ್ಯಾ ಅಂತಾನೂ ನೋಡಿ." ಬ್ಯಾಂಕಿನವರು ಒಬ್ಬ ಗ್ರಾಹಕನಿಗೆ ಒಂದು ಐಡಿ ಕೊಟ್ಟು, ಅದರ ಕೆಳಗೆ ಖಾತೆಗಳನ್ನು ಸೇರಿಸಿರುತ್ತಾರೆ. ಪ್ಯಾನ್ ಕೂಡುವುದು ಆ ಐಡಿಗೆ. ಪಾಸ್‌ಬುಕ್ಕಿನಲ್ಲಿ ಹೆಸರು ಸರಿಯಾಗಿ, ಐಡಿಯಲ್ಲಿ ಹಳೆಯದೇ ಉಳಿದರೆ ಕೆಲಸ ಅರ್ಧಕ್ಕೇ ನಿಂತಂತೆ. ಹಿಂದೆ ಯಾವಾಗಲೋ ಬೇರೆ ಶಾಖೆಯಲ್ಲಿ ಖಾತೆ ತೆರೆದಿದ್ದರೆ ನಿಮ್ಮ ಹೆಸರಿನಲ್ಲಿ ಎರಡು ಐಡಿ ಇರುವ ಸಾಧ್ಯತೆಯೂ ಇದೆ. ಇದ್ದರೆ ಒಂದೇ ಮಾಡಿಸಿ. ಜಂಟಿ ಖಾತೆಯಾದರೆ ಮೊದಲು ಯಾರ ಹೆಸರಿದೆ ಅಂತಲೂ ನೋಡಿಕೊಳ್ಳಿ.

ಪ್ಯಾನ್ ಅಪ್‌ಡೇಟ್ ಮಾಡಿ ಅಂತ ಬ್ಯಾಂಕಿನ ಹೆಸರಿನಲ್ಲಿ ಬರುವ ಎಸ್‌ಎಂಎಸ್ ಲಿಂಕ್‌ಗಳನ್ನು ಮಾತ್ರ ಮುಟ್ಟಬೇಡಿ. ವಂಚಕರ ಹಳೆಯ ಬಲೆ ಅದು.

ಪ್ಯಾನ್ ತಿದ್ದುವುದಾದರೆ

ಪ್ರೋಟಿಯನ್ ಅಥವಾ ಯುಟಿಐಐಟಿಎಸ್‌ಎಲ್ ವೆಬ್‌ಸೈಟಿನಲ್ಲಿ ಪ್ಯಾನ್ ತಿದ್ದುಪಡಿ ಅರ್ಜಿ ಸಿಗುತ್ತದೆ. ಹೊಸ ಪ್ಯಾನ್‌ಗೆ ಅರ್ಜಿ ಹಾಕಬೇಡಿ, ಒಬ್ಬರಿಗೆ ಎರಡು ಪ್ಯಾನ್ ಇರುವುದು ತಪ್ಪು. ಹೆಸರು ಬದಲಾದರೂ ಸಂಖ್ಯೆ ಬದಲಾಗುವುದಿಲ್ಲ. ಸಂಖ್ಯೆಯ ಐದನೇ ಅಕ್ಷರ ನಿಮ್ಮ ಕೊನೆಯ ಹೆಸರಿನ ಮೊದಲ ಅಕ್ಷರವಾಗಿರುತ್ತದೆ, ಕೊನೆಯ ಹೆಸರು ಬೇರೆಯಾದರೂ ಅದು ಹಾಗೇ ಉಳಿಯುತ್ತದೆ. ಗಾಬರಿ ಬೇಡ.

ಅರ್ಜಿಯಲ್ಲಿ ಯಾವ ವಿವರ ಬದಲಾಗಬೇಕೋ ಅದರ ಪಕ್ಕದ ಚೌಕದಲ್ಲಿ ಟಿಕ್ ಹಾಕಬೇಕು. ಹೆಸರು ಸರಿಯಾಗಿ ತುಂಬಿ ಟಿಕ್ ಮರೆತರೆ ತಿದ್ದುಪಡಿ ಆಗುವುದಿಲ್ಲ. ನಿಮಗಿರುವುದು ಒಂದೇ ಹೆಸರಾದರೆ ಅದನ್ನು ಕೊನೆಯ ಹೆಸರಿನ ಜಾಗದಲ್ಲಿ ಬರೆಯಿರಿ. ಆಧಾರ್ ಮೂಲಕ ಕಾಗದವಿಲ್ಲದೆ ಅರ್ಜಿ ಹಾಕುವುದಾದರೆ ಆಧಾರ್‌ನಲ್ಲಿ ಹೇಗಿದೆಯೋ ಹಾಗೇ ಇರಬೇಕು. ಅಲ್ಲಿ ಕೊನೆಯ ಹೆಸರು ಇನಿಷಿಯಲ್ ಆಗಿದ್ದರೆ ಸಿಕ್ಕಿಹಾಕಿಕೊಳ್ಳುತ್ತೀರಿ. ಅಂಥವರು ಮೊದಲು ಆಧಾರ್ ಬಿಡಿಸಿಕೊಂಡು ಬರಬೇಕು.

ಮತ್ತೆ ಪೋರ್ಟಲ್‌ಗೆ

ಬ್ಯಾಂಕಿನಲ್ಲಿ ಹೆಸರು ಬದಲಾದದ್ದನ್ನು ನೆಟ್ ಬ್ಯಾಂಕಿಂಗ್ ಪ್ರೊಫೈಲ್‌ನಲ್ಲೋ ಹೊಸ ಪಾಸ್‌ಬುಕ್ ಪುಟದಲ್ಲೋ ಕಣ್ಣಾರೆ ನೋಡಿಕೊಳ್ಳಿ. ಆಮೇಲೆ ಪೋರ್ಟಲ್‌ನ My Profile ಒಳಗೆ My Bank Account ತೆರೆಯಿರಿ. ಫೇಲ್ ಆದ ಖಾತೆ Failed Bank Accounts ಅನ್ನುವ ಕಡೆ ಕೂತಿರುತ್ತದೆ. ಅಲ್ಲಿ Re-Validate ಒತ್ತಿ, ಖಾತೆ ಸಂಖ್ಯೆ ಮತ್ತು ಐಎಫ್‌ಎಸ್‌ಸಿ ಕೋಡ್ ಸರಿ ಇದೆಯಾ ನೋಡಿ ಸಲ್ಲಿಸಿ. ಬ್ಯಾಂಕುಗಳು ವಿಲೀನವಾದಾಗ ಈ ಕೋಡ್ ಬದಲಾಗಿರುತ್ತದೆ, ಹಳೆಯದನ್ನೇ ಕೊಟ್ಟು ಹೆಸರಿನ ಮೇಲೆ ಅನುಮಾನಪಡುವವರೂ ಇದ್ದಾರೆ! ಉತ್ತರ ಮೊಬೈಲ್ ಮತ್ತು ಇಮೇಲ್‌ಗೆ ಬರುತ್ತದೆ. ಒಮ್ಮೊಮ್ಮೆ ಕೆಲವು ದಿನ ಹಿಡಿಯುತ್ತದೆ, ಅಷ್ಟರಲ್ಲಿ ಸುಮ್ನೆ ಮತ್ತೆ ಮತ್ತೆ ಒತ್ತಬೇಡಿ.

ವ್ಯಾಲಿಡೇಟ್ ಆದ ಮೇಲೆ ಆ ಖಾತೆಯನ್ನು ರೀಫಂಡ್‌ಗೆ ಆರಿಸುವ ಬಟನ್ ಆನ್ ಮಾಡಿ. ರೀಫಂಡ್ ಒಮ್ಮೆ ಫೇಲ್ ಆಗಿದ್ದರೆ ಇಷ್ಟಕ್ಕೇ ದುಡ್ಡು ಬರುವುದಿಲ್ಲ. Services ಅಡಿಯಲ್ಲಿ Refund Reissue ಗೆ ಹೋಗಿ, ಯಾವ ವರ್ಷದ ರೀಫಂಡ್ ಅಂತ ಆರಿಸಿ, ಈ ಖಾತೆ ತೋರಿಸಿ, ಆಧಾರ್ ಒಟಿಪಿಯಿಂದ ದೃಢಪಡಿಸಬೇಕು. ಈ ಕೋರಿಕೆ ಸಲ್ಲಿಸಿದ ಮೇಲೆಯೇ ರೀಫಂಡ್ ಮತ್ತೆ ಹೊರಡುವುದು.