ಬ್ಯಾಂಕಿಗೆ ಬಂದಷ್ಟೇ ಆದಾಯ ಅಲ್ಲ: ಯೂಟ್ಯೂಬ್ ತೆರಿಗೆ, ನನ್ನ ಅನುಭವ

ನನ್ನದು ಮಲೆನಾಡು ಅಡುಗೆಯ ಯೂಟ್ಯೂಬ್ ಚಾನೆಲ್. ನೋಡುವವರಲ್ಲಿ ಒಂದು ಪಾಲು ಅಮೆರಿಕದಲ್ಲಿರುವ ಕನ್ನಡಿಗರು. ಪತ್ರೊಡೆ ವಿಡಿಯೋ ಹಾಕಿದರೆ ಕಾಮೆಂಟ್ ಜಾಸ್ತಿ ಬರುವುದು ಅಲ್ಲಿಂದಲೇ. ತೆರಿಗೆ ಲೆಕ್ಕದಲ್ಲಿ ನಾನು ಎಡವಿದ್ದೂ ಆ ಪಾಲಿನಲ್ಲೇ.

ಮೊದಲ ವರ್ಷ ಪಾಸ್‌ಬುಕ್‌ನಲ್ಲಿ ಬಂದ ಮೊತ್ತಗಳನ್ನು ಕೂಡಿಸಿ ಅದನ್ನೇ ಆದಾಯ ಎಂದು ರಿಟರ್ನ್ ಹಾಕಿಸಿದೆ. ಆಮೇಲೆ ನಮ್ಮ ಹೆಸರಲ್ಲಿ ಹಿಡಿದ ತೆರಿಗೆಯ ಪಟ್ಟಿಯಾದ ಫಾರ್ಮ್ 26ಎಎಸ್ ತೆಗೆದು ನೋಡಿದರೆ ಸ್ಪಾನ್ಸರ್ ಕೊಟ್ಟಿದ್ದು ನಾನು ತೋರಿಸಿದ್ದಕ್ಕಿಂತ ಜಾಸ್ತಿ ಇತ್ತು. ಅವರು ಟಿಡಿಎಸ್ ಹಿಡಿದು ಉಳಿದದ್ದನ್ನು ಹಾಕಿದ್ದರು, ನಾನು ಉಳಿದದ್ದನ್ನು ಮಾತ್ರ ಬರೆದಿದ್ದೆ. ಡಿಸೆಂಬರ್ 31ರೊಳಗೆ ತಿದ್ದಿದ ರಿಟರ್ನ್ ಹಾಕಿ ಸರಿ ಮಾಡಿಕೊಂಡೆ.

2024-25ರ ಲೆಕ್ಕ ನಾನೇ ಕೂತು ಮಾಡಿದೆ. ಯೂಟ್ಯೂಬ್ ಜಾಹೀರಾತಿನಿಂದ 7,40,000 ರೂಪಾಯಿ, ಸ್ಪಾನ್ಸರ್‌ಗಳಿಂದ 4,20,000. ಜೊತೆಗೆ ರಿವ್ಯೂಗೆ ಅಂತ ಒಂದು ಕಂಪನಿ ಕೊಟ್ಟ 40,000ದ ಫೋನ್. ಅದನ್ನು ವಾಪಸ್ ಕೊಟ್ಟಿದ್ದರೆ ಆದಾಯ ಆಗುತ್ತಿರಲಿಲ್ಲ. ನಾನೇ ಇಟ್ಟುಕೊಂಡೆ, ಹಾಗಾಗಿ ಅದೂ ಸೇರಿತು. ಒಟ್ಟು 12,00,000. ಬ್ಯಾಂಕಿಗೆ ಬಂದಿದ್ದು ಮಾತ್ರ 10,90,000! ಯಾಕೆಂದರೆ ಫೋನ್ ದುಡ್ಡಾಗಿ ಬಂದಿಲ್ಲ, ಇಲ್ಲಿ 46,000 ಟಿಡಿಎಸ್ ಹೋಗಿದೆ, ಅಮೆರಿಕದಲ್ಲಿ 24,000 ಹಿಡಿದಿದ್ದಾರೆ.

ಈ 24,000ದ ಕಥೆ ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಾವು ಎಲ್ಲಿ ಕೂತು ವಿಡಿಯೋ ಮಾಡಿದರೂ, ಅಮೆರಿಕದ ವೀಕ್ಷಕರಿಂದ ಬಂದ ಗಳಿಕೆಗೆ ಅಲ್ಲಿನ ತೆರಿಗೆ ಕಡಿತ ಇದೆ. ಯೂಟ್ಯೂಬ್ ದುಡ್ಡು ಬರುವ ಗೂಗಲ್‌ನ ಆಡ್‌ಸೆನ್ಸ್ ಖಾತೆಯಲ್ಲಿ W-8BEN ಎಂಬ ಅಮೆರಿಕದ ತೆರಿಗೆ ಫಾರ್ಮ್ ತುಂಬಿ ಭಾರತ-ಅಮೆರಿಕ ತೆರಿಗೆ ಒಪ್ಪಂದ ಬಳಸಿದರೆ ಆ ಪಾಲಿಗೆ ಶೇ. 15. ನನ್ನ ಅಮೆರಿಕದ ಪಾಲು 1,60,000, ಅದರ ಶೇ. 15 ಅಂದರೆ 24,000. ಫಾರ್ಮ್ ತುಂಬದಿದ್ದರೆ ಎಲ್ಲ ದೇಶಗಳ ಗಳಿಕೆಯ ಮೇಲೂ ಶೇ. 24ರವರೆಗೆ ಹಿಡಿಯಬಹುದು, ನನ್ನ ಲೆಕ್ಕದಲ್ಲಿ ಅದು 1,77,600 ಆಗುತ್ತಿತ್ತು. ಆ ಫಾರ್ಮ್ ಒಮ್ಮೆ ತುಂಬಿದರೆ ಶಾಶ್ವತ ಅಲ್ಲ, ಮೂರು ವರ್ಷಕ್ಕೊಮ್ಮೆ ಮತ್ತೆ ಕೊಡಬೇಕು.

ಅಲ್ಲಿ ಕಟ್ಟಿದ 24,000 ಇಲ್ಲಿ ಪೂರ್ತಿ ಕಳೆಯುತ್ತಾರೆ ಅಂತ ನಾನು ನಂಬಿದ್ದೆ. ಹಾಗಾಗುವುದಿಲ್ಲ. ಅದೇ ಆದಾಯಕ್ಕೆ ಇಲ್ಲಿ ಎಷ್ಟು ತೆರಿಗೆ ಬೀಳುತ್ತದೋ ಅಷ್ಟು ಮಾತ್ರ ಸಿಗುತ್ತದೆ.

ಎಡಿಟಿಂಗ್ ಹುಡುಗನ ಸಂಬಳ, ಸಾಮಾನು, ಓಡಾಟ, ಇಂಟರ್‌ನೆಟ್, ಕ್ಯಾಮೆರಾದ ಸವಕಳಿ ಎಲ್ಲ ಸೇರಿ ಖರ್ಚು 3,00,000. (ಕ್ಯಾಮೆರಾದ ಪೂರ್ತಿ ಬೆಲೆ ಒಂದೇ ವರ್ಷ ಕಳೆಯಲು ಆಗಲ್ಲ, ವರ್ಷಕ್ಕೆ ಶೇ. 15ರಂತೆ ಸವಕಳಿ ಮಾತ್ರ.) ಲಾಭ 9,00,000. ಆ ವರ್ಷದ ಹೊಸ ಪದ್ಧತಿಯ ದರದಲ್ಲಿ ಸೆಸ್ ಸೇರಿ ತೆರಿಗೆ 41,600, ಅಂದರೆ ಲಾಭದ ಮೇಲೆ ಸರಾಸರಿ ಶೇ. 4.62. ಒಟ್ಟು ಆದಾಯದಲ್ಲಿ ಕಾಲು ಭಾಗ ಖರ್ಚಿಗೆ ಹೋಗಿದೆ, ಅಮೆರಿಕದ ಪಾಲಿನಿಂದಲೂ ಹಾಗೇ ಕಾಲು ಭಾಗ ಕಳೆದರೆ ಅಲ್ಲಿನ ಲಾಭ 1,20,000. ಅದಕ್ಕೆ ಇಲ್ಲಿನ ತೆರಿಗೆ ಸುಮಾರು 5,547. ನನಗೆ ಸಿಕ್ಕಿದ್ದು ಅಷ್ಟೇ. ಉಳಿದ ಹದಿನೆಂಟು ಸಾವಿರ ಚಿಲ್ಲರೆ ಮುಂದಿನ ವರ್ಷಕ್ಕೂ ಹೋಗುವುದಿಲ್ಲ. ನಿಜ ಹೇಳಬೇಕೆಂದರೆ ತುಂಬಾ ಬೇಜಾರಾಯಿತು. ಇಲ್ಲಿ ತೆರಿಗೆಯೇ ಬೀಳದಷ್ಟು ಕಡಿಮೆ ಲಾಭ ಇರುವವರಿಗಂತೂ ಒಂದು ರೂಪಾಯಿಯೂ ಸಿಗುವುದಿಲ್ಲ.

ಆ 5,547 ಪಡೆಯುವುದಕ್ಕೂ ಕೆಲಸ ಇದೆ. ಸುಲಭ ಅಂತ ಎಲ್ಲರೂ ಹೇಳುವ ಐಟಿಆರ್-4 ಇಲ್ಲಿ ನಡೆಯಲ್ಲ, ವಿದೇಶದಲ್ಲಿ ಕಟ್ಟಿದ ತೆರಿಗೆಯ ರಿಯಾಯಿತಿ ಕೇಳುವವರು ಬಿಸಿನೆಸ್ ಆದಾಯಕ್ಕೆ ಐಟಿಆರ್-3 ಹಾಕಬೇಕು. ಅದರಲ್ಲಿ ವಿದೇಶದ ಆದಾಯ ತೋರಿಸುವ Schedule FSI ಮತ್ತು ಅಲ್ಲಿ ಕಟ್ಟಿದ ತೆರಿಗೆಯ ರಿಯಾಯಿತಿ ತೋರಿಸುವ Schedule TR ತುಂಬಬೇಕು. ಆ ರಿಯಾಯಿತಿ ಕೇಳುವ ಫಾರ್ಮ್ 67 ಬೇರೆಯೇ, ಅದನ್ನು ಪೋರ್ಟಲ್‌ನಲ್ಲಿ ರಿಟರ್ನ್‌ಗೆ ಮೊದಲೇ ಹಾಕಿಬಿಟ್ಟೆ. ಜೊತೆಗೆ ಪುರಾವೆ ಬೇಕು. ಗೂಗಲ್ ಕೊಡುವ 1042-S ಚೀಟಿ ಜನವರಿಯಿಂದ ಡಿಸೆಂಬರ್‌ವರೆಗಿನದು, ನಮ್ಮ ವರ್ಷ ಏಪ್ರಿಲ್‌ನಿಂದ ಮಾರ್ಚ್. ಎರಡೂ ಮೊತ್ತ ಸರಿಹೊಂದುವುದೇ ಇಲ್ಲ. ಅದಕ್ಕೆ ಆಡ್‌ಸೆನ್ಸ್‌ನ ವಹಿವಾಟಿನ ಪುಟದಿಂದ ತಿಂಗಳು ತಿಂಗಳಿನ ಕಡಿತ ಒಂದು ಶೀಟಿನಲ್ಲಿ ಬರೆದುಕೊಂಡೆ. ಆ ಡಾಲರಿಗೆ ರೂಪಾಯಿ ಹಾಕುವಾಗ ಕಡಿತವಾದ ತಿಂಗಳಿನ ಹಿಂದಿನ ತಿಂಗಳ ಕೊನೆಯ ದಿನದ ಟಿಟಿ ಬೈಯಿಂಗ್ ದರ, ಅಂದರೆ ಬ್ಯಾಂಕ್ ಡಾಲರ್ ಕೊಳ್ಳುವ ದರ, ಹಿಡಿಯಬೇಕು. ನಮ್ಮ ಖಾತೆಗೆ ದುಡ್ಡು ಬಂದಾಗ ಬ್ಯಾಂಕ್ ಕೊಟ್ಟ ದರ ಇಲ್ಲಿಗೆ ಬರುವುದಿಲ್ಲ.

ಕೊನೆಗೆ 41,600ರಲ್ಲಿ 5,547 ಕಳೆದು ಕಟ್ಟಬೇಕಾಗಿದ್ದು ಸುಮಾರು 36,050. ಟಿಡಿಎಸ್ 46,000 ಮೊದಲೇ ಹೋಗಿತ್ತಲ್ವಾ, ಹಾಗಾಗಿ ಹತ್ತಿರ ಹತ್ತಿರ ಹತ್ತು ಸಾವಿರ ವಾಪಸ್ ಬರಬೇಕಿತ್ತು, ಬಂತು.