ಏಳು ಗಂಟೆಯ ಮಾತ್ರೆ

ಮಾತ್ರೆಯ ನೆನಪಿಗೆ ಮೊಬೈಲಿನಲ್ಲಿ ನಾಲ್ಕು ಅಲಾರಂ ಇಟ್ಟು ನಿಶ್ಚಿಂತರಾಗುವ ಮಕ್ಕಳನ್ನು ಕಂಡರೆ ನನಗೆ ಸಿಟ್ಟೇ ಬರುತ್ತದೆ. ನಾಲ್ಕೂ ಇರುವುದು ಒಂದೇ ಬ್ಯಾಟರಿಯ ಮೇಲಲ್ಲವೇ? ಮಾತನಾಡುವ ಸ್ಪೀಕರ್ ತಂದಿಟ್ಟರೂ ಅಷ್ಟೇ, ಕರೆಂಟು ಹೋದೊಡನೆ ಅದೂ ಮೂಕವಾಗುತ್ತದೆ.

ನಮ್ಮ ಯಜಮಾನರ ಹೃದಯಕ್ಕೆ ಕೃತಕ ಕವಾಟ ಹಾಕಿದಾಗಿನಿಂದ ಸಂಜೆ ಏಳಕ್ಕೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಮಾತ್ರೆ. ಒಂದು ಆಷಾಢದಲ್ಲಿ ಮರ ಬಿದ್ದು ಎರಡು ದಿನ ಕರೆಂಟಿಲ್ಲದೆ ಫೋನು ಸತ್ತುಹೋಗಿ, ಎರಡು ಸಂಜೆಯ ಮಾತ್ರೆ ತಪ್ಪಿತು. ಮೂರನೆಯ ದಿನ ಮಗ ಬಂದು ಎಲ್ಲವನ್ನೂ ಒಟ್ಟಿಗೆ ಕೊಡಲು ಹೊರಟಾಗ ನಾನು ಕೈಹಿಡಿದು ತಡೆದೆ. ಬಿಟ್ಟದ್ದನ್ನು ಸೇರಿಸಿ ನುಂಗಿದರೆ ರಕ್ತಸ್ರಾವವಾದೀತು; ವೈದ್ಯರನ್ನು ಕೇಳದೆ ಹಾಗೆ ಮಾಡಲೇಬಾರದು.

ಅಂದಿನಿಂದ ನಮ್ಮಲ್ಲಿ ಒಂದು ಸೆಲ್ ಹಾಕುವ, ಮುಳ್ಳಿನ ಅಲಾರಂ ಗಡಿಯಾರವಿದೆ. ಅದನ್ನು ಬೋರಲು ಹಾಕಿದ ಸ್ಟೀಲ್ ತಟ್ಟೆಯ ಮೇಲೆ, ವಾರದ ಏಳು ಮನೆಗಳಿರುವ ಮಾತ್ರೆ ಡಬ್ಬಿಯ ಪಕ್ಕದಲ್ಲೇ ಇಡುತ್ತೇನೆ. ತಟ್ಟೆಯಿಂದಾಗಿ ಸದ್ದು ಹಿತ್ತಲಿನವರೆಗೂ ಕೇಳುತ್ತದೆ. ಅಲಾರಂ ಮುಳ್ಳನ್ನು ಏಳಕ್ಕಿಟ್ಟರೆ ಅದು ಸಂಜೆಗೂ ಬೆಳಿಗ್ಗೆಗೂ ಬಡಿಯುತ್ತದೆ. ಇದನ್ನು ಕಾಟವೆಂದು ಗೊಣಗಬೇಡಿ: ಸಂಜೆಯ ಸದ್ದು ಮಾತ್ರೆ ನುಂಗುವುದಕ್ಕೆ, ಬೆಳಗಿನದು ನಿನ್ನೆಯ ಮನೆ ಖಾಲಿಯಾಗಿದೆಯೇ ಎಂದು ನೋಡುವುದಕ್ಕೆ. ಮಾತ್ರೆ ಗಂಟಲಿಳಿದ ಮೇಲೆಯೇ ಗುಂಡಿ ಒತ್ತಬೇಕು. ಒತ್ತಿದ್ದನ್ನು ಒಡನೆಯೇ ಮೇಲೆತ್ತಿದರೆ ಮತ್ತೆ ಬಡಿದುಕೊಳ್ಳುತ್ತದೆ, ಎತ್ತಲು ಮರೆತರೆ ಮರುದಿನ ಸುಮ್ಮನಿರುತ್ತದೆ; ಆದ್ದರಿಂದ ಊಟದ ತಟ್ಟೆ ಎತ್ತುವವರೇ ಗುಂಡಿಯನ್ನೂ ಎತ್ತುವುದು ನಮ್ಮ ಮನೆಯ ಕಟ್ಟಳೆ. ಬೆಳಿಗ್ಗೆ ಆ ಕೆಲಸ ತಿಂಡಿಯ ತಟ್ಟೆ ತೊಳೆಯುವವರದು. ಫೋನು, ಗಡಿಯಾರ ಎರಡೂ ಕೂಗಿದಾಗ ಎರಡು ಸಲ ನುಂಗುವ ಅಪಾಯವಿರುವುದರಿಂದ ಡಬ್ಬಿಯನ್ನು ನೋಡದೆ ಯಾರೂ ಮಾತ್ರೆ ಕೊಡುವಂತಿಲ್ಲ.

ಮುಳ್ಳು ಓಡುತ್ತಿದೆಯೆಂದು ಸೆಲ್ಲನ್ನು ನಂಬಬೇಡಿ. ಗಂಟೆ ಬಡಿಯುವುದಕ್ಕೆ ಹೆಚ್ಚು ಶಕ್ತಿ ಬೇಕು. ಸದ್ದು ಸೊರಗಿದ ದಿನವೇ ಸೆಲ್ ಬದಲಿಸಿ. ಸದ್ದು ಸೊರಗದಿದ್ದರೂ ಯುಗಾದಿಗೊಮ್ಮೆ, ಆಯುಧಪೂಜೆಗೊಮ್ಮೆ ಹೊಸದನ್ನು ಹಾಕಿ. ತೆಗೆದದ್ದು ಟಿವಿ ರಿಮೋಟಿಗೆ ಇನ್ನೂ ಕೆಲವು ದಿನ ಬರುತ್ತದೆ. ಹಾಗೆಯೇ ಟಾರ್ಚನ್ನೂ ಬಿಚ್ಚಿ ನೋಡಿ, ಸೆಲ್ಲು ಸೋರಿ ಬಿಳಿ ಪುಡಿ ಕಟ್ಟಿದ್ದರೆ ಒಣಬಟ್ಟೆಯಿಂದ ಒರೆಸಿ. ಮಳೆಗಾಲ ಬಂದ ಮೇಲೆ ಹುಡುಕುವ ಕೆಲಸವಲ್ಲ ಅದು.

ಗಡಿಯಾರವೂ ಕೈಕೊಟ್ಟರೆ ಮನುಷ್ಯರೇ ಬೇಕು. ಮಾತ್ರೆಯಾದ ಮೇಲೆ ನಾವೇ ಸೊಸೆಗೆ ಫೋನ್ ಮಾಡುತ್ತೇವೆ. ಏಳೂವರೆಯಾದರೂ ನಮ್ಮ ಕರೆ ಬಾರದಿದ್ದರೆ ಅವಳು ನಮ್ಮ ಸತ್ತ ಫೋನನ್ನೇ ಒತ್ತುತ್ತಾ ಕೂರುವುದಿಲ್ಲ, ಬೇರೆ ಕಂಪನಿಯ ಸಿಮ್ ಇರುವ ಪಕ್ಕದ ಮನೆಯವರಿಗೆ ಮಾಡುತ್ತಾಳೆ, ಅವರು ಬೇಲಿಯಾಚೆಯಿಂದ ನನ್ನನ್ನು ಕೂಗುತ್ತಾರೆ.