ಕಾಯಿಸಿಯೇ ಶುದ್ಧ ಮಾಡುವ ಕಿಣ್ವ: ಟಾಕ್ ಪಾಲಿಮರೇಸ್ ತಯಾರಿಸಿದ ನನ್ನ ಅನುಭವ

ಲ್ಯಾಬಿನಲ್ಲಿ ಕಿಣ್ವ ಶುದ್ಧ ಮಾಡುವಾಗ ಸಾಮಾನ್ಯವಾಗಿ ಎಲ್ಲವನ್ನೂ ಐಸ್ ಮೇಲೆ ಇಟ್ಟುಕೊಳ್ಳುತ್ತೇವೆ. ಸ್ವಲ್ಪ ಬೆಚ್ಚಗಾದರೂ ಕೆಟ್ಟುಹೋದೀತು ಅನ್ನೋ ಭಯ. ಟಾಕ್ ಪಾಲಿಮರೇಸ್ ತಯಾರಿಸುವಾಗ ಮಾತ್ರ ನಾನು ಬೇಕಂತಲೇ 75 ಡಿಗ್ರಿಗೆ ಕಾಯಿಸುತ್ತೇನೆ.

ಇದು ಥರ್ಮಸ್ ಅಕ್ವಾಟಿಕಸ್ ಅನ್ನೋ ಬ್ಯಾಕ್ಟೀರಿಯಾದಲ್ಲಿ ಡಿಎನ್‌ಎ ನಕಲು ಮಾಡುವ ಕಿಣ್ವ. ಥಾಮಸ್ ಬ್ರಾಕ್ ಮತ್ತು ಹಡ್ಸನ್ ಫ್ರೀಜ್ ಈ ಬ್ಯಾಕ್ಟೀರಿಯಾವನ್ನು ಅಮೆರಿಕದ ಯೆಲ್ಲೊಸ್ಟೋನ್‌ನ ಬಿಸಿನೀರಿನ ಬುಗ್ಗೆಯಲ್ಲಿ ಕಂಡುಕೊಂಡು 1969ರಲ್ಲಿ ವರದಿ ಮಾಡಿದರು. 70 ಡಿಗ್ರಿಯ ಆಸುಪಾಸಿನಲ್ಲಿ ಚೆನ್ನಾಗಿ ಬೆಳೆಯುವ ಜೀವಿ ಇದು. ಡಿಎನ್‌ಎಯ ತುಣುಕನ್ನು ಸುತ್ತು ಸುತ್ತಾಗಿ ನಕಲು ಮಾಡಿ ಹೆಚ್ಚಿಸುವ ಪಿಸಿಆರ್ ವಿಧಾನಕ್ಕೆ ಬೇಕಾಗಿದ್ದೂ ಇಂಥ ಜೀವಿಯ ಕಿಣ್ವವೇ. ಅಲ್ಲಿ ಪ್ರತಿ ಸುತ್ತಿನಲ್ಲೂ ಡಿಎನ್‌ಎಯ ಎರಡು ಎಳೆಗಳನ್ನು ಬಿಡಿಸಲು 95 ಡಿಗ್ರಿಗೆ ಕಾಯಿಸಬೇಕು. ಮೊದಮೊದಲು ಇ. ಕೋಲೈ ಬ್ಯಾಕ್ಟೀರಿಯಾದ ಪಾಲಿಮರೇಸ್ ಬಳಸುತ್ತಿದ್ದರು. ಪ್ರತಿ ಸುತ್ತಿಗೂ ಅದು ಸಾಯುತ್ತಿತ್ತು, ಟ್ಯೂಬ್ ತೆರೆದು ಹೊಸದಾಗಿ ಹಾಕಬೇಕಿತ್ತು. ಟಾಕ್ 95 ಡಿಗ್ರಿಯಲ್ಲಿ ಸುಮಾರು 40 ನಿಮಿಷ ಕಳೆದ ಮೇಲೂ ಅರ್ಧ ಶಕ್ತಿ ಉಳಿಸಿಕೊಂಡಿರುತ್ತದೆ. 30 ಸುತ್ತು, ಸುತ್ತಿಗೆ 30 ಸೆಕೆಂಡು ಅಂದುಕೊಂಡರೆ ಒಟ್ಟು 15 ನಿಮಿಷದ ಕಾವು ಅಷ್ಟೆ. ಒಮ್ಮೆ ಹಾಕಿದರೆ ಸಾಕು.

ನಾವು ಥರ್ಮಸ್ ಬೆಳೆಸುವುದಿಲ್ಲ. ಟಾಕ್‌ನ ಜೀನ್ ಇರುವ ಪ್ಲಾಸ್ಮಿಡ್ ಅನ್ನೋ ಡಿಎನ್‌ಎ ಉಂಗುರವನ್ನು ಇ. ಕೋಲೈಗೆ ಹಾಕಿ, 37 ಡಿಗ್ರಿಯಲ್ಲಿ ಬೆಳೆಸಿ, ಆ ಜೀನನ್ನು ಚಾಲೂ ಮಾಡುವ ಐಪಿಟಿಜಿ ಕೊಟ್ಟು ರಾತ್ರಿಯಿಡೀ ಬಿಡುತ್ತೇನೆ. ಬೆಳಿಗ್ಗೆ ಕೋಶಗಳನ್ನು ಸೆಂಟ್ರಿಫ್ಯೂಜ್‌ನಲ್ಲಿ ಕೆಳಗಿಳಿಸಿ, ಟ್ರಿಸ್ ಬಫರ್‌ನಲ್ಲಿ ಕದಡಿ, ಮಿಲಿಲೀಟರ್‌ಗೆ 4 ಮಿಲಿಗ್ರಾಂನಂತೆ ಕೋಶದ ಗೋಡೆ ಒಡೆಯುವ ಲೈಸೊಜೈಮ್ ಸೇರಿಸಿ 15 ನಿಮಿಷ ಸುಮ್ನೆ ಇಡುತ್ತೇನೆ. ಆಮೇಲೆ ಟ್ವೀನ್-20 ಅನ್ನೋ ಮಾರ್ಜಕ ಇರುವ ಬಫರ್ ಬೆರೆಸಿ 75 ಡಿಗ್ರಿಯ ವಾಟರ್ ಬಾತ್‌ನಲ್ಲಿ ಒಂದು ಗಂಟೆ.

ಈ ಒಂದು ಗಂಟೆಯಲ್ಲೇ ನಿಜವಾದ ಶುದ್ಧೀಕರಣ ನಡೆಯೋದು. ಇ. ಕೋಲೈನ ಬಹುತೇಕ ಪ್ರೋಟೀನುಗಳು ಮಡಿಕೆ ಬಿಚ್ಚಿಕೊಂಡು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ದ್ರವ ಒಡೆದ ಹಾಲಿನ ಹಾಗೆ ಕಾಣುತ್ತದೆ. ಟಾಕ್ ಮಾತ್ರ ಕರಗಿಯೇ ಇರುತ್ತದೆ, ಅದರ ಮಡಿಕೆಗಳು ಅಷ್ಟು ಬಿಗಿ. ಜೋರಾಗಿ ಸೆಂಟ್ರಿಫ್ಯೂಜ್ ಮಾಡಿದರೆ ಬಿಳಿ ಗಸಿ ಕೆಳಗೆ ಕೂರುತ್ತದೆ, ಮೇಲಿನ ತಿಳಿಯಲ್ಲಿ ನಮ್ಮ ಕಿಣ್ವ ಇರುತ್ತದೆ. ತಿಳಿ ಇನ್ನೂ ಮಬ್ಬಾಗಿದ್ದರೆ ಕಾವು ಸರಿಯಾಗಿ ತಾಗಿಲ್ಲ ಅಂತ ನನಗೆ ಅನುಮಾನ. ಬಾತ್‌ನ ಥರ್ಮಾಮೀಟರ್ 75 ತೋರಿಸಿದರೂ ದೊಡ್ಡ ಟ್ಯೂಬಿನ ನಡುವೆ ಅಷ್ಟು ಬಿಸಿ ಮುಟ್ಟಲು ಹೊತ್ತು ಹಿಡಿಯುತ್ತದೆ. ಅದರ ನಡುವೆ ಇ. ಕೋಲೈನ ಪ್ರೋಟೀನ್ ಕತ್ತರಿಸುವ ಕಿಣ್ವಗಳು ಕೆಲಸ ಮಾಡುತ್ತಲೇ ಇರುತ್ತವೆ. ಅದಕ್ಕೇ ಚಿಕ್ಕ ಟ್ಯೂಬುಗಳಿಗೆ ಹಂಚಿ, ಆಗಾಗ ತಿರುಗಿಸಿ ಕಾಯಿಸುತ್ತೇನೆ.

ಜೆಲ್‌ನಲ್ಲಿ ಓಡಿಸಿ ಪ್ರೋಟೀನುಗಳನ್ನು ಗಾತ್ರದ ಪ್ರಕಾರ ಬೇರ್ಪಡಿಸಿದಾಗ ಕಾಯಿಸುವ ಮುಂಚಿನ ಸಾಲಿನಲ್ಲಿ ನೂರಾರು ಪಟ್ಟಿಗಳು ಒತ್ತೊತ್ತಾಗಿರುತ್ತವೆ. ಕಾಯಿಸಿದ ಮೇಲೆ 94 ಕಿಲೋಡಾಲ್ಟನ್ ಹತ್ತಿರದ ಒಂದು ಪಟ್ಟಿ, ಅಂದರೆ ಟಾಕ್, ಎದ್ದು ಕಾಣುತ್ತದೆ. ಇದನ್ನು ನೋಡುವಾಗ ನನಗೆ ಪ್ರತಿ ಸಲವೂ ಖುಷಿ. ಆಮೇಲೆ ಬಫರ್ ಬದಲಿಸಿ, 50 ಶೇಕಡಾ ಗ್ಲಿಸರಾಲ್‌ನಲ್ಲಿ ಮೈನಸ್ 20 ಡಿಗ್ರಿಗೆ ಇಟ್ಟರೆ ಆಯಿತು. ಎಷ್ಟು ಹಾಕಬೇಕು ಅಂತ ತಿಳಿಯಲು ಎರಡು ಪಟ್ಟು, ನಾಲ್ಕು ಪಟ್ಟು ಹೀಗೆ ತೆಳು ಮಾಡುತ್ತಾ, ಶಕ್ತಿ ಎಷ್ಟೆಂದು ಗೊತ್ತಿರುವ ಟಾಕ್ ಜೊತೆ ಒಂದೇ ಪಿಸಿಆರ್ ಮಾಡಿ ಹೋಲಿಸುತ್ತೇನೆ.

ಕಾವಿನಿಂದ ಹೋಗದ ಒಂದು ಕಲ್ಮಶ ಇದೆ: ಇ. ಕೋಲೈನ ಡಿಎನ್‌ಎ. ಮನುಷ್ಯರ ಅಥವಾ ಗಿಡದ ಜೀನ್ ನಕಲು ಮಾಡುವವರಿಗೆ ಅದರಿಂದ ತೊಂದರೆ ಕಡಿಮೆ. ಬ್ಯಾಕ್ಟೀರಿಯಾಗಳನ್ನು ಗುರುತಿಸಲು ಅವುಗಳ 16ಎಸ್ ಜೀನ್ ಹುಡುಕುವವರಿಗೆ ಇದು ದೊಡ್ಡ ತಲೆನೋವು. ಮಾದರಿ ಹಾಕದೆ ಬರೀ ನೀರು ಹಾಕಿದ ಟ್ಯೂಬಿನಲ್ಲೂ ಪಟ್ಟಿ ಬರುತ್ತದೆ. ಆ ಕೆಲಸಕ್ಕೆ ನಮ್ಮ ತಯಾರಿಯನ್ನು ನಾನು ಕೊಡುವುದಿಲ್ಲ.

ಇನ್ನೊಂದು ಮಿತಿ ಟಾಕ್‌ನದೇ. ತಪ್ಪು ಅಕ್ಷರ ಸೇರಿಸಿದರೆ ಹಿಂದೆ ಬಂದು ತೆಗೆಯಲು ಅದಕ್ಕೆ ಬರುವುದಿಲ್ಲ. ಜೀನ್ ಇದೆಯೋ ಇಲ್ಲವೋ ಅಂತ ನೋಡಲು ಅಷ್ಟು ಸಾಕು. ಆದರೆ ಜೀನನ್ನು ಕ್ಲೋನ್ ಮಾಡಬೇಕಾದರೆ ನಾನು ಕಡಲ ಕಡೆ ತಿರುಗುತ್ತೇನೆ. ಇಟಲಿಯ ವುಲ್ಕಾನೊ ದ್ವೀಪದ ಬಿಸಿ ಕಡಲ ಕೆಸರಿನಲ್ಲಿ ಸಿಕ್ಕ ಪೈರೊಕಾಕಸ್ ಫ್ಯೂರಿಯೋಸಸ್ 100 ಡಿಗ್ರಿಯಲ್ಲಿ ಬೆಳೆಯುತ್ತದೆ. ಅದರ ಪಿಎಫ್‌ಯು ಪಾಲಿಮರೇಸ್ ತಪ್ಪು ತಿದ್ದಿಕೊಳ್ಳುತ್ತದೆ. ಕ್ಯಾಲಿಫೋರ್ನಿಯಾ ಕೊಲ್ಲಿಯ ಗುವಾಯ್ಮಾಸ್ ತಗ್ಗಿನಲ್ಲಿ 2010 ಮೀಟರ್ ಆಳದ ಬಿಸಿ ದ್ವಾರದಿಂದ ತಂದ ಪೈರೊಕಾಕಸ್‌ನ ಡೀಪ್ ವೆಂಟ್ ಪಾಲಿಮರೇಸ್ ಕೂಡ ಹಾಗೇ. 95 ಡಿಗ್ರಿಯಲ್ಲಿ ಅದು ಗಂಟೆಗಟ್ಟಲೆ ತಾಳುತ್ತದೆ.

ಇವುಗಳನ್ನು ಬಳಸುವ ರೀತಿ ಮಾತ್ರ ಬೇರೆ. ಟಾಕ್‌ಗೆ ಸಾವಿರ ಅಕ್ಷರಕ್ಕೆ ಒಂದು ನಿಮಿಷ ಕೊಟ್ಟರೆ ಪಿಎಫ್‌ಯುಗೆ ಎರಡು ನಿಮಿಷ ಕೊಡುತ್ತೇನೆ. ತಿದ್ದುವ ಶಕ್ತಿಯೇ ನಕಲು ಶುರುಮಾಡಲು ಹಾಕುವ ಚಿಕ್ಕ ಡಿಎನ್‌ಎ ತುಣುಕುಗಳಾದ ಪ್ರೈಮರ್‌ಗಳ ತುದಿಯನ್ನೂ ಮೆಲ್ಲಬಲ್ಲದು. ಹಾಗಾಗಿ ಟ್ಯೂಬನ್ನು ಐಸ್ ಮೇಲೆ ಇಟ್ಟು, ಉಳಿದೆಲ್ಲ ಬೆರೆಸಿದ ಮೇಲೆ ಕೊನೆಗೆ ಕಿಣ್ವ ಹಾಕಿ, ತಕ್ಷಣ ಯಂತ್ರಕ್ಕೆ ಇಡುತ್ತೇನೆ.